ಮೆಹಂದಿ ಕಲೆ: ಮೊದಲು ಕಬ್ಬಿಣ, ಆಮೇಲೆ ಬಣ್ಣ

ಪ್ರಶ್ನೆ: ತಂಗಿಯ ಮದುವೆಗೆ ಮನೆಯಲ್ಲೇ ಮೆಹಂದಿ ಹಾಕಿಸಿದೆವು. ಹಾಲ್‌ನ ಬಿಳಿ ಟೈಲ್ಸ್ ಸಂದಿಗಳು ಕಿತ್ತಳೆ ಬಣ್ಣಕ್ಕೆ ತಿರುಗಿವೆ. ಹೂವಿನ ಚಿತ್ರದ ಹತ್ತಿ ಬೆಡ್‌ಶೀಟ್ ಮೇಲೆ ಅಂಗೈ ಅಗಲದ ಕಲೆಯಾಗಿದೆ. ಅದೇ ದಿನ ಅತ್ತೆ ತಲೆಗೆ ಹಚ್ಚಿಕೊಳ್ಳಲು ಕಬ್ಬಿಣದ ಬಾಣಲೆಯಲ್ಲಿ ಟೀ ಡಿಕಾಕ್ಷನ್ ಹಾಕಿ ನೆನೆಸಿದ್ದ ಮೆಹಂದಿ ಅಡುಗೆಮನೆಯ ಬೂದು ಗ್ರಾನೈಟ್ ಕಟ್ಟೆಯ ಮೇಲೆ ಚೆಲ್ಲಿ ಕಪ್ಪಗಾಗಿದೆ. ನಿಂಬೆಹಣ್ಣು ಉಜ್ಜಿದರೆ ತಿಳಿಯಾಗುತ್ತದೆ, ಸೋಪು ಹಾಕಿದ ಕೂಡಲೇ ಕೆಂಪಗೆ ಮತ್ತೆ ಎದ್ದು ಕಾಣುತ್ತದೆ. ನನ್ನ ಮೈಸೂರು ಸಿಲ್ಕ್ ಸೀರೆಯ ನೆರಿಗೆಯ ಕಡೆಗೂ ಒಂದು ಬೊಟ್ಟು ಬಿದ್ದಿದೆ. ಐದು ದಿನವಾಯಿತು. ಬಾತ್‌ರೂಮ್ ತೊಳೆಯುವ ಆಸಿಡ್ ಹಾಕಿ ನೋಡಲೇ? (ಓದುಗರೊಬ್ಬರು, ಮಂಡ್ಯ)

ಉತ್ತರ: ಬೇಡ ತಾಯಿ, ಆ ಆಸಿಡ್ ಬಾಟಲಿ ಎಲ್ಲಿದೆಯೋ ಅಲ್ಲೇ ಇರಲಿ. ಅದರಿಂದ ಟೈಲ್ಸ್ ಸಂದಿಯ ಸಿಮೆಂಟು ಕರಗುತ್ತದೆಯೇ ಹೊರತು ಮೆಹಂದಿಯ ಬಣ್ಣ ಅಲ್ಲಾಡುವುದಿಲ್ಲ. ಸಂದಿ ಒರಟಾಗಿ, ಸಣ್ಣ ಸಣ್ಣ ಗುಳಿಗಳೆದ್ದು, ನಾಳೆ ಬೀಳುವ ಸಾರು, ಕಾಫಿ ಎಲ್ಲವನ್ನೂ ಹೀರಿಕೊಳ್ಳಲು ಸಿದ್ಧವಾಗುತ್ತದೆ. ಗ್ರಾನೈಟ್ ಮೇಲೆ ಸುರಿದರೆ ಕಲ್ಲಿನೊಳಗೇ ಇರುವ ಕಬ್ಬಿಣದ ಅಂಶ ಎದ್ದು ತುಕ್ಕಿನ ಹಳದಿ ಮಚ್ಚೆ ಮೂಡುವುದೂ ಉಂಟು. ಇರುವ ಒಂದು ಕಲೆಗೆ ಇನ್ನೊಂದನ್ನು ಜೊತೆ ಮಾಡಿದಂತೆ.

ನಾನು ಮೈಸೂರಿನಲ್ಲಿ 28 ವರ್ಷ ಬಟ್ಟೆಗೆ ಬಣ್ಣ ಹಾಕುವ, ಡ್ರೈಕ್ಲೀನಿಂಗ್ ಮಾಡುವ ಅಂಗಡಿ ನಡೆಸಿದವನು. ಬಣ್ಣ ಹಿಡಿಸುವುದು ಹೇಗೆಂದು ಕಲಿತವನಿಗೆ ಬಣ್ಣ ಬಿಡಿಸುವುದು ಅರ್ಧ ಗೊತ್ತಿದ್ದ ಹಾಗೆ. ಆ ಕಣ್ಣಿನಿಂದ ನೋಡಿದರೆ ನಿಮ್ಮ ಪತ್ರದಲ್ಲಿ ಇರುವುದು ಒಂದು ಕಲೆಯಲ್ಲ, ಎರಡು. ಹಾಲ್‌ನಲ್ಲಿ ಮತ್ತು ಬೆಡ್‌ಶೀಟ್‌ನಲ್ಲಿ ಇರುವುದು ಕೋನ್ ಮೆಹಂದಿಯ ಕಲೆ, ಅಂದರೆ ಬರಿಯ ಎಲೆಯ ಬಣ್ಣ. ಕಟ್ಟೆಯ ಮೇಲಿರುವುದು ಎಲೆಯ ಬಣ್ಣದ ಜೊತೆಗೆ ಶಾಯಿ. ಹೌದು, ಶಾಯಿಯೇ. ಟೀ ಡಿಕಾಕ್ಷನ್‌ನ ಒಗರು ಕಬ್ಬಿಣದ ಬಾಣಲೆಯಲ್ಲಿ ರಾತ್ರಿಯಿಡೀ ಕೂತರೆ ಆಗುವ ಕಪ್ಪು, ಹಿಂದೆ ಬರೆಯಲು ಬಳಸುತ್ತಿದ್ದ ಕಬ್ಬಿಣದ ಶಾಯಿಯ ಜಾತಿಯದು. ಅತ್ತೆಯವರು ಕೂದಲು ಕಪ್ಪಾಗಲಿ ಎಂದೇ ಹಾಗೆ ನೆನೆಸಿದ್ದು. ಕೂದಲಿಗೆ ಯಾವುದು ಗುಣವೋ ಕಟ್ಟೆಗೆ ಅದೇ ಶಾಪವಾಯಿತು. ಈ ಎರಡಕ್ಕೆ ಎರಡು ಬೇರೆ ಮದ್ದು, ಅದೂ ಒಂದು ಕ್ರಮದಲ್ಲಿ. ಕ್ರಮ ತಪ್ಪಿದರೆ ಎರಡೂ ಮದ್ದು ದಂಡ.

ಇನ್ನು ನಿಮ್ಮ ನಿಂಬೆಹಣ್ಣಿನ ಕಥೆ. ತಿಳಿಯಾದದ್ದು ಸೋಪು ಬಿದ್ದ ಕೂಡಲೇ ಕೆಂಪಾಗಿ ಮರಳಿತು ಎಂದು ಬರೆದಿದ್ದೀರಲ್ಲ, ಇಡೀ ಪತ್ರದಲ್ಲಿ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಆ ಸಾಲು. ಮದುವೆಮನೆಯಲ್ಲಿ ಆರತಿಗೆ ಓಕುಳಿ ಕಲಸಿರುತ್ತೀರಿ. ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಬಿದ್ದರೆ ರಕ್ತಗೆಂಪು, ಅದಕ್ಕೇ ನಿಂಬೆರಸ ಹಿಂಡಿದರೆ ಮತ್ತೆ ಹಳದಿ. ಅರಿಶಿನ ಎಲ್ಲಿಗೂ ಹೋಗಿರುವುದಿಲ್ಲ, ವೇಷ ಬದಲಿಸಿರುತ್ತದೆ ಅಷ್ಟೇ. ಮೆಹಂದಿ ಎಲೆಯ ಬಣ್ಣಕ್ಕೆ ಲಾಸೋನ್ ಎಂದು ಹೆಸರು. ಅದೂ ಇಂಥದೇ ವೇಷಗಾರ. ಹುಳಿಯಲ್ಲಿ ತಿಳಿ ಹಳದಿ, ಸೋಪು ಸೋಡಾ ತಗುಲಿದರೆ ಕಿತ್ತಳೆಗೆಂಪು. ನೀವು ನಿಂಬೆ ಉಜ್ಜಿದಾಗ ಕಲೆ ಹೋಯಿತು ಎಂದುಕೊಂಡಿರಿ, ಅದು ಮಂಕಾಗಿ ಅಲ್ಲೇ ಕೂತಿತ್ತು. ಸೋಪು ಹಾಕಿದಾಗ ಹೆಚ್ಚಾಯಿತು ಎಂದು ಹೆದರಿದಿರಿ. ನಿಜಕ್ಕೂ ಸೋಪಿನ ನೀರಿನಲ್ಲಿ ಈ ಬಣ್ಣ ಚೆನ್ನಾಗಿ ಕರಗುತ್ತದೆ, ಕೆಂಪು ಕಂಡರೆ ಅದು ಹೊರಡಲು ಎದ್ದು ನಿಂತಿದೆ ಎಂದು ತಿಳಿಯಿರಿ. ಅಜ್ಜಿಯರು ಗೋರಂಟಿ ಸೊಪ್ಪು ರುಬ್ಬುವಾಗ ಹುಣಸೆಹಣ್ಣು ಸೇರಿಸುತ್ತಿದ್ದರು, ಕೈ ಮೇಲೆ ಒಣಗಿದ ಮೇಲೆ ನಿಂಬೆರಸಕ್ಕೆ ಸಕ್ಕರೆ ಕಲಸಿ ತಟ್ಟುತ್ತಿದ್ದರು. ಬಣ್ಣ ಕಟ್ಟಲಿ ಎಂದು ಹಾಕುವ ಹುಳಿಯನ್ನೇ ಬಣ್ಣ ಬಿಡಲಿ ಎಂದು ಉಜ್ಜಿದರೆ ಹೇಗೆ?

ಆದರೆ ನಿಂಬೆಗೆ ಕೆಲಸವೇ ಇಲ್ಲ ಎನ್ನಲಾರೆ. ಶಾಯಿಯ ಕಪ್ಪನ್ನು ಮುರಿಯುವುದು ಹುಳಿಯೇ. ನಿಮ್ಮ ಕಟ್ಟೆಯ ಕಲೆ ನಿಂಬೆಗೆ ತಿಳಿಯಾದದ್ದರಲ್ಲಿ ಸ್ವಲ್ಪ ವೇಷ, ಸ್ವಲ್ಪ ನಿಜ. ಯಾವುದು ಎಷ್ಟು ಎಂದು ತಿಳಿಯಲು ಹೀಗೆ ಮಾಡಿ. ಕಲೆಯ ಒಂದು ಮೂಲೆಗೆ ಒಂದು ಹನಿ ನಿಂಬೆರಸ ಬಿಟ್ಟು ಮೂರು ನಿಮಿಷ ಕಾಯಿರಿ. ಉಜ್ಜಬೇಡಿ. ಬಿಳಿ ಟಿಶ್ಯೂ ಕಾಗದದ ತುದಿಯನ್ನು ಆ ಹನಿಗೆ ಮುಟ್ಟಿಸಿ ಹೀರಿಸಿ. ಕಾಗದಕ್ಕೆ ಬೂದುಗಪ್ಪು ಹತ್ತಿ, ಹನಿ ಇದ್ದ ಜಾಗ ಕಪ್ಪಿನಿಂದ ಕಂದಿಗೆ ಇಳಿದಿದ್ದರೆ ಅಲ್ಲಿ ಕಬ್ಬಿಣವಿದೆ. ಇದನ್ನೇ ಹಾಲ್‌ನ ಸಂದಿಯಲ್ಲಿ ಮಾಡಿದರೆ ಕಿತ್ತಳೆ ಬಣ್ಣ ಹಳದಿಗೆ ಇಳಿಯುತ್ತದೆ, ಬೂದು ಬಣ್ಣ ಕಾಗದಕ್ಕೆ ಬರುವುದಿಲ್ಲ. ಅಲ್ಲಿ ಕಬ್ಬಿಣವಿಲ್ಲ, ಹುಳಿಯ ಹಂತ ಅಲ್ಲಿಗೆ ಬೇಕಿಲ್ಲ.

ಕಬ್ಬಿಣ ಮೊದಲು ಹೋಗಬೇಕು ಎಂದು ನಾನು ಹಟ ಹಿಡಿಯುವುದಕ್ಕೆ ಕಾರಣವಿದೆ. ಎಲೆಯ ಬಣ್ಣವನ್ನು ಕೊಲ್ಲಲು ನಾವು ಬಳಸುವುದು ಹೈಡ್ರೋಜನ್ ಪೆರಾಕ್ಸೈಡ್, ಅಥವಾ ಅದನ್ನೇ ನೀರಿನಲ್ಲಿ ಬಿಡುವ ಪುಡಿ. ಕಬ್ಬಿಣ ಇದ್ದ ಕಡೆ ಪೆರಾಕ್ಸೈಡ್ ಬಿದ್ದರೆ ಬುಸುಬುಸು ನೊರೆ ಎದ್ದು ಕೆಲವೇ ನಿಮಿಷದಲ್ಲಿ ಸುಮ್ಮನೆ ಖರ್ಚಾಗಿ ಹೋಗುತ್ತದೆ. ನೋಡುವವರಿಗೆ ಭಾರೀ ಕೆಲಸ ಮಾಡುತ್ತಿರುವಂತೆ ಕಾಣುತ್ತದೆ, ಬಣ್ಣ ಮಾತ್ರ ಇದ್ದ ಹಾಗೇ ಇರುತ್ತದೆ. ಕಲ್ಲಿನ ಮೇಲಾದರೆ ಇಷ್ಟಕ್ಕೇ ಮುಗಿಯಿತು. ಬಟ್ಟೆಯ ಮೇಲಾದರೆ ಇನ್ನೂ ಕೆಡುಕು. ಅಂಗಡಿ ಹಾಕಿದ ಹೊಸತರಲ್ಲಿ ಒಬ್ಬರು ತಲೆಗೆ ಮೆಹಂದಿ ಹಚ್ಚಿದಾಗ ಸುತ್ತಿಕೊಂಡಿದ್ದ ಬಿಳಿ ಟವೆಲ್ ತಂದುಕೊಟ್ಟರು. ನಾನು ಹಿಂದುಮುಂದು ನೋಡದೆ ಪೆರಾಕ್ಸೈಡ್‌ನಲ್ಲಿ ನೆನೆಸಿದೆ. ಕಲೆ ತಿಳಿಯಾಯಿತು, ಅವರೂ ಖುಷಿಯಾಗಿ ಹೋದರು. ನಾಲ್ಕು ಒಗೆತ ಆಗುವಷ್ಟರಲ್ಲಿ ಕಲೆ ಇದ್ದ ಜಾಗವೆಲ್ಲ ಜರಡಿಯಾಗಿತ್ತು. ಕಬ್ಬಿಣದ ಜೊತೆ ಸೇರಿದ ಪೆರಾಕ್ಸೈಡ್ ಹತ್ತಿಯ ಎಳೆಯನ್ನೇ ತಿಂದಿತ್ತು. ತಪ್ಪು ನನ್ನದೇ, ಹೊಸ ಟವೆಲ್ ಕೊಡಿಸಿದೆ.

ಈಗ ಕಟ್ಟೆಗೆ ಬರೋಣ. ಪೇಟೆಯಿಂದ ಮೂರು ಸಾಮಾನು ತರಿಸಿ. ದಿನಸಿ ಅಂಗಡಿಯಲ್ಲಿ ಸಿಗುವ ನಿಂಬೆ ಉಪ್ಪು, ಅಡುಗೆ ಸೋಡಾ, ಮತ್ತು ಔಷಧಿ ಅಂಗಡಿಯಿಂದ ಹೈಡ್ರೋಜನ್ ಪೆರಾಕ್ಸೈಡ್ ದ್ರಾವಣ. ಗಾಯ ತೊಳೆಯಲು ಮಾರುವ ಕಂದು ಬಾಟಲಿಯದೇ ಸಾಕು. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವುದು ಶೇಕಡಾ 6ರದು, ಬಾಟಲಿಯ ಮೇಲೆ 20 ವಾಲ್ಯೂಮ್ ಎಂದೂ ಬರೆದಿರುತ್ತಾರೆ. ಎಂದೋ ತೆರೆದಿಟ್ಟ ಹಳೆಯ ಬಾಟಲಿ ಬೇಡ, ಅದು ಬರಿಯ ನೀರಾಗಿರುತ್ತದೆ. ಕೈಗೆ ರಬ್ಬರ್ ಗ್ಲೌಸ್ ಹಾಕಿಕೊಳ್ಳಿ. ಪೆರಾಕ್ಸೈಡ್ ತಗುಲಿದ ಚರ್ಮ ಸುಣ್ಣ ಹಚ್ಚಿದಂತೆ ಬೆಳ್ಳಗಾಗಿ ಚುರುಗುಟ್ಟುತ್ತದೆ.

ಮೊದಲ ದಿನ ಕಬ್ಬಿಣದ ಸರದಿ. ಅರ್ಧ ಲೋಟ ನೀರಿಗೆ ಒಂದು ಟೀ ಚಮಚ ನಿಂಬೆ ಉಪ್ಪು ಕರಗಿಸಿ. ಗ್ಯಾಸ್ ಒಲೆಯ ಹಿಂದೆ, ಯಾರ ಕಣ್ಣಿಗೂ ಬೀಳದ ಜಾಗದಲ್ಲಿ ಎರಡು ಹನಿ ಬಿಟ್ಟು ಹತ್ತು ನಿಮಿಷದ ನಂತರ ಒರೆಸಿ, ಒಣಗಿದ ಮೇಲೆ ಓರೆಯಾಗಿ ಬೆಳಕು ಬೀಳುವಂತೆ ನೋಡಿ. ಹೊಳಪು ಮಾಸಿಲ್ಲವಾದರೆ ಮುಂದುವರಿಯಿರಿ. ಟಿಶ್ಯೂ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಆ ನೀರಿನಲ್ಲಿ ಅದ್ದಿ ಕಲೆಯ ಮೇಲೆ ಹಾಸಿ, ಹತ್ತು ನಿಮಿಷಕ್ಕೆ ತೆಗೆಯಿರಿ. ಕಾಗದ ಬೂದು ಬಣ್ಣಕ್ಕೆ ತಿರುಗಿರುತ್ತದೆ. ಅದನ್ನು ಎಸೆದು ಹೊಸದನ್ನು ಹಾಸಿ. ಅದೇ ಕಾಗದವನ್ನು ಗಂಟೆಗಟ್ಟಲೆ ಬಿಟ್ಟರೆ ಎಳೆದ ಕಬ್ಬಿಣವನ್ನೇ ಮತ್ತೆ ಕಲ್ಲಿಗೆ ಕೊಡುತ್ತದೆ, ಅದಕ್ಕೇ ಬದಲಿಸುವುದು. ಮೂರನೆಯದೋ ನಾಲ್ಕನೆಯದೋ ಕಾಗದ ಬೆಳ್ಳಗೇ ಬಂದರೆ ಈ ಹಂತ ಮುಗಿಯಿತು. ಕಲೆ ಈಗ ಕಪ್ಪಾಗಿರುವುದಿಲ್ಲ, ಇಟ್ಟಿಗೆಯ ಕಂದು ಬಣ್ಣದಲ್ಲಿರುತ್ತದೆ. ಬೇಸರಪಡಬೇಡಿ, ಅದು ಎಲೆಯ ಪಾಲು. ನೀರಿನಲ್ಲಿ ಒರೆಸಿ, ಚಿಟಿಕೆ ಅಡುಗೆ ಸೋಡಾ ಹಾಕಿದ ನೀರಿನಲ್ಲಿ ಇನ್ನೊಮ್ಮೆ ಒರೆಸಿ, ಮತ್ತೆ ಸಾದಾ ನೀರಿನಲ್ಲಿ ಒರೆಸಿ, ರಾತ್ರಿಯಿಡೀ ಒಣಗಲು ಬಿಡಿ. ಒದ್ದೆ ಕಲ್ಲು ಹೊಸದಾಗಿ ಏನನ್ನೂ ಒಳಗೆ ಬಿಟ್ಟುಕೊಳ್ಳುವುದಿಲ್ಲ, ನಾಳೆಯ ಲೇಪ ಒಳಗಿಳಿಯಬೇಕಾದರೆ ಕಲ್ಲು ಒಣಗಿರಲೇಬೇಕು.

ನಿಮ್ಮದು ಗ್ರಾನೈಟ್ ಎಂಬ ಧೈರ್ಯದಿಂದ ಇದನ್ನು ಹೇಳಿದ್ದೇನೆ. ಮಾರ್ಬಲ್ ಅಥವಾ ಕಡಪ ಕಲ್ಲಿನ ಕಟ್ಟೆ ಇರುವವರು ಇದನ್ನು ಓದಿ ನಿಂಬೆ ಉಪ್ಪು ತರಲು ಓಡಬೇಡಿ. ಅವೆರಡೂ ಸುಣ್ಣದ ಜಾತಿಯ ಕಲ್ಲುಗಳು, ಹುಳಿ ಬಿದ್ದಲ್ಲಿ ಹೊಳಪು ಹೋಗಿ ಬೆಳ್ಳನೆಯ ಮಚ್ಚೆ ನಿಲ್ಲುತ್ತದೆ, ಅದು ಯಾವ ಲೇಪಕ್ಕೂ ಹೋಗದು. ಅಲ್ಲಿ ಕಬ್ಬಿಣದ ಕಲೆಯಾಗಿದ್ದರೆ ಪಾಲಿಶ್ ಮಾಡುವವರನ್ನು ಕರೆಯುವುದೇ ದಾರಿ.

ಎರಡನೆಯ ದಿನ ಎಲೆಯ ಬಣ್ಣದ ಸರದಿ. ಗಾಜಿನ ಅಥವಾ ಪಿಂಗಾಣಿ ಬಟ್ಟಲಿನಲ್ಲಿ ಮೂರು ದೊಡ್ಡ ಚಮಚ ಅಡುಗೆ ಸೋಡಾ ಹಾಕಿ, ಪೆರಾಕ್ಸೈಡನ್ನು ನೀರು ಬೆರೆಸದೆ ಸ್ವಲ್ಪಸ್ವಲ್ಪವೇ ಹಾಕುತ್ತ ಕಲಸಿ. ಸುಮಾರು ಎರಡು ಚಮಚ ಹಿಡಿಯಬಹುದು. ಹದ ಹೇಗಿರಬೇಕೆಂದರೆ ಗಟ್ಟಿ ಕಾಯಿಚಟ್ನಿಯ ಹಾಗೆ, ಇಟ್ಟಲ್ಲಿ ಹರಿಯದೆ ನಿಲ್ಲಬೇಕು. ಇದನ್ನು ಕಲೆಯ ಅಂಚಿನಿಂದ ಒಂದು ಬೆರಳು ಆಚೆಗೂ ಬರುವಂತೆ, ಅರ್ಧ ಬೆರಳು ದಪ್ಪಕ್ಕೆ ಮೆತ್ತಿ. ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಮುಚ್ಚಿ. ಅಂಚಿಗೆಲ್ಲ ಟೇಪ್ ಅಂಟಿಸಿ ಬಿಗಿಯಬೇಡಿ, ಪೆರಾಕ್ಸೈಡ್ ಗಾಳಿ ಬಿಡುತ್ತಿರುತ್ತದೆ, ಅದು ಹೊರಹೋಗಲು ಒಂದು ಬದಿ ಸಡಿಲವಿರಲಿ. ಒಂದು ಹಗಲು ಒಂದು ರಾತ್ರಿ ಹಾಗೇ ಬಿಡಿ. ಆಮೇಲೆ ಹಾಳೆ ತೆಗೆದು ಲೇಪ ತಾನಾಗಿ ಒಣಗಿ ಬಿರಿಯುವವರೆಗೆ ಮುಟ್ಟಬೇಡಿ. ಕೆಲಸದ ಮುಖ್ಯ ಭಾಗ ಇದೇ, ಹೆಚ್ಚಿನವರು ತಾಳ್ಮೆ ಕಳೆದುಕೊಳ್ಳುವುದೂ ಇಲ್ಲೇ. ಲೇಪ ಒದ್ದೆಯಿದ್ದಾಗ ಒಳಗಿಳಿದು ಬಣ್ಣ ಮುರಿಯುತ್ತದೆ, ಒಣಗುವಾಗ ಮುರಿದದ್ದನ್ನು ಮೇಲಕ್ಕೆ ಎಳೆಯುತ್ತದೆ. ಒದ್ದೆಯಲ್ಲೇ ಒರೆಸಿಬಿಟ್ಟರೆ ಅರ್ಧ ಕೆಲಸ ಮಾತ್ರ ಆದಂತೆ. ಒಣಗಿದ ಮೇಲೆ ಮರದ ಸೌಟಿನ ಅಂಚಿನಿಂದ ಕೆರೆದು ತೆಗೆಯಿರಿ. ಸ್ಟೀಲ್ ನಾರು ಬೇಡವೇ ಬೇಡ.

ಎರಡು ವರ್ಷದ ಹಿಂದೆ ಸರಸ್ವತಿಪುರಂನ ಒಂದು ಮನೆಯಲ್ಲಿ ಇಂಥದೇ ಬೂದು ಗ್ರಾನೈಟ್ ಮೇಲೆ ತಟ್ಟೆಯಗಲದ ಕಲೆ ಇತ್ತು, ಹತ್ತು ದಿನದ್ದು. ಮನೆಯವರು ಅಷ್ಟರಲ್ಲಿ ನಿಂಬೆ, ವಿನೆಗರ್, ಟೂತ್‌ಪೇಸ್ಟ್ ಎಲ್ಲ ಹಚ್ಚಿ ಮುಗಿಸಿದ್ದರು. ನಿಂಬೆ ಉಪ್ಪಿನ ಕಾಗದ ಐದು ಬಾರಿ ಬದಲಿಸಿದ ಮೇಲೆ ಕಪ್ಪು ನಿಂತಿತು. ಮೊದಲ ಲೇಪ ತೆಗೆದಾಗ ಲೇಪದ ಅಡಿಭಾಗ ಹಳದಿ, ಕಲ್ಲಿನ ಮೇಲೆ ಇನ್ನೂ ಚಹಾದ ಬಣ್ಣ. ಮನೆಯಾಕೆಯ ಮುಖ ಸಪ್ಪಗಾಯಿತು. ಕಲ್ಲು ಒದ್ದೆಯಿದೆ, ನಾಳೆ ನೋಡೋಣ ಎಂದು ಬಂದೆ. ಮರುದಿನ ಒಣಗಿದಾಗ ಅರ್ಧಕ್ಕರ್ಧ ತಿಳಿಯಾಗಿತ್ತು. ಎರಡನೆಯ ಲೇಪಕ್ಕೆ ಹಳದಿಯ ನೆರಳು ಉಳಿಯಿತು, ಮೂರನೆಯದಕ್ಕೆ ಅದೂ ಹೋಯಿತು. ಒಟ್ಟು ಎಂಟು ದಿನ. ನಿಮ್ಮದು ಐದೇ ದಿನದ ಕಲೆ, ಎರಡು ಲೇಪಕ್ಕೆ ಮುಗಿದರೂ ಮುಗಿಯಬಹುದು. ಮೂರು ಲೇಪ ಹಾಕಿದ ಮೇಲೂ ಒಂಚೂರೂ ಬದಲಾವಣೆ ಕಾಣದಿದ್ದರೆ ನಾಲ್ಕನೆಯದು ಬೇಡ. ಅಲ್ಲಿ ಉಳಿದಿರುವುದು ಕಬ್ಬಿಣ ಎಂದರ್ಥ, ಮತ್ತೆ ನಿಂಬೆ ಹನಿಯ ಪರೀಕ್ಷೆಗೆ ಹಿಂದಿರುಗಿ. ಇನ್ನೊಂದು ಮಾತು, ಕಟ್ಟೆ ಕಪ್ಪು ಗ್ರಾನೈಟ್ ಆಗಿದ್ದರೆ ಪೆರಾಕ್ಸೈಡನ್ನೂ ಮರೆಯಲ್ಲಿ ಪರೀಕ್ಷಿಸಿಯೇ ಹಚ್ಚಬೇಕು. ಕೆಲವು ಕಪ್ಪು ಕಲ್ಲುಗಳಿಗೆ ಮಾರುವ ಮೊದಲೇ ಬಣ್ಣ ಕೂಡಿಸಿರುತ್ತಾರೆ, ಅದು ಬಿಳಚಿಕೊಳ್ಳುತ್ತದೆ.

ಹಾಲ್‌ನ ಟೈಲ್ಸ್ ವಿಷಯ ಇದರ ಮುಂದೆ ಸುಲಭ. ಟೈಲಿನ ಮೈ ಗಾಜಿನಂಥದು, ಅದು ಬಣ್ಣ ಕುಡಿದಿರುವುದಿಲ್ಲ. ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಒರೆಸಿದರೆ ಬರುತ್ತದೆ. ಕೋನ್ ಮೆಹಂದಿಗೆ ನೀಲಗಿರಿ ಎಣ್ಣೆಯಂಥದ್ದನ್ನು ಬೆರೆಸಿರುವುದುಂಟು, ಆ ಜಿಡ್ಡು ತೆಗೆಯಲು ಲಿಕ್ವಿಡ್ ಬೇಕೇ ಬೇಕು. ಕುಡಿದಿರುವುದು ಸಂದಿ. ಅದು ಸಿಮೆಂಟಿನದು, ಸ್ಪಂಜಿನ ಹಾಗೆ. ಸಂದಿಯ ಜಿಡ್ಡು ತೊಳೆದು ಒಣಗಿಸಿದ ಮೇಲೆ ಕಟ್ಟೆಗೆ ಕಲಸಿದ ಅದೇ ಸೋಡಾ ಪೆರಾಕ್ಸೈಡ್ ಲೇಪವನ್ನು ಸ್ವಲ್ಪ ತೆಳ್ಳಗೆ ಕಲಸಿ ಸಂದಿಗುಂಟ ತುಂಬಿ, ಮೇಲೆ ಪ್ಲಾಸ್ಟಿಕ್ ಪಟ್ಟಿ ಹಾಸಿ, ಒಂದು ಗಂಟೆಯ ನಂತರ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ ತೊಳೆಯಿರಿ. ಬ್ರಷ್ಷಿನ ನೊರೆ ಮೊದಲು ಕೆಂಪಗೆ ಬರುತ್ತದೆ, ಆರತಿಯ ಓಕುಳಿ ನೆನಪು ಮಾಡಿಕೊಳ್ಳಿ. ದಿನಕ್ಕೊಮ್ಮೆಯಂತೆ ಮೂರು ದಿನ ಮಾಡಿ. ಹಾಲಿನಲ್ಲಿ ಮಕ್ಕಳು ಓಡಾಡುವ ಮನೆಯಾದರೆ ರಾತ್ರಿ ಹಾಕಿ ಮಲಗಿಕೊಳ್ಳುವುದು ಬೇಡ, ಕಣ್ಣೆದುರಿಗೇ ಇರುವ ಒಂದು ಗಂಟೆ ಸಾಕು.

ಕಡೆಗೂ ತಿಳಿ ಕಿತ್ತಳೆ ಉಳಿದರೆ, ಸಂದಿ ಬಿಳಿಯದಾದ್ದರಿಂದ ಬಿಳಿ ಬಟ್ಟೆಗೆ ಹಾಕುವ ಬ್ಲೀಚ್ ದ್ರಾವಣವನ್ನು ನಾಲ್ಕು ಪಾಲು ನೀರಿಗೆ ಒಂದು ಪಾಲು ಬೆರೆಸಿ ಹತ್ತು ನಿಮಿಷ ಹಚ್ಚಿ ತೊಳೆಯಬಹುದು. ಇಲ್ಲೊಂದು ಕಟ್ಟುನಿಟ್ಟಿನ ಮಾತು ಕೇಳಿ. ಬ್ಲೀಚ್ ಹಾಕುವ ದಿನ ಆ ಜಾಗದಲ್ಲಿ ನಿಂಬೆ, ವಿನೆಗರ್, ಬಾತ್‌ರೂಮ್ ಆಸಿಡ್ ಯಾವುದರ ಪಸೆಯೂ ಇರಬಾರದು, ಪೆರಾಕ್ಸೈಡನ್ನೂ ಅದಕ್ಕೆ ಬೆರೆಸಬಾರದು. ಬ್ಲೀಚಿಗೆ ಆಸಿಡ್ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಮುಚ್ಚಿದ ಬಾತ್‌ರೂಮಿನಲ್ಲಿ ಹೀಗೆ ಬೆರೆಸಿ ಉಸಿರುಗಟ್ಟಿ ಬಿದ್ದವರಿದ್ದಾರೆ. ಹಿಂದಿನ ದಿನವೇ ಧಾರಾಳ ನೀರಿನಲ್ಲಿ ತೊಳೆದು, ಕಿಟಕಿ ಬಾಗಿಲು ತೆರೆದು, ಫ್ಯಾನ್ ಹಾಕಿ ಮಾಡಿ. ಅದಕ್ಕೂ ಜಗ್ಗದ ಸಂದಿಯನ್ನು ಟೈಲ್ಸ್ ಕೆಲಸದವರಿಂದ ಮೇಲುಮೇಲೆ ಕೆರೆಸಿ ಹೊಸ ಬಿಳಿ ಗ್ರೌಟ್ ತುಂಬಿಸಿ. ನಾಲ್ಕಾರು ಸಂದಿಗೆ ಅರ್ಧ ದಿನದ ಕೆಲಸ, ಅದಕ್ಕಾಗಿ ತಿಂಗಳುಗಟ್ಟಲೆ ಉಜ್ಜುತ್ತ ಕೂರುವುದು ಯಾಕೆ? ಹಳೆಯ ಮೈಸೂರು ಮನೆಗಳ ಕೆಂಪು ಗಾರೆ ನೆಲವಾಗಿದ್ದರೆ ನೀವು ಈ ಪತ್ರವನ್ನೇ ಬರೆಯುತ್ತಿರಲಿಲ್ಲ, ಕಲೆ ಬಿದ್ದದ್ದೇ ಗೊತ್ತಾಗುತ್ತಿರಲಿಲ್ಲ.

ಬೆಡ್‌ಶೀಟ್. ಹತ್ತಿಯ ಬಗ್ಗೆ ಒಂದು ಸಮಾಧಾನದ ಸಂಗತಿಯಿದೆ. ಮೆಹಂದಿ ಗಟ್ಟಿಯಾಗಿ ಬೆಸೆದುಕೊಳ್ಳುವುದು ಚರ್ಮ, ಕೂದಲು, ಉಣ್ಣೆ, ರೇಷ್ಮೆಯಂಥ ಪ್ರಾಣಿಜನ್ಯ ವಸ್ತುಗಳಿಗೆ. ಹತ್ತಿ ಗಿಡದ್ದು, ಅದರ ಎಳೆಯಲ್ಲಿ ಬಣ್ಣ ಸುಮ್ಮನೆ ಹೊಕ್ಕು ಕೂತಿರುತ್ತದೆ, ಕೈ ಹಿಡಿದುಕೊಂಡಿರುವುದಿಲ್ಲ. ಆದ್ದರಿಂದ ಹೊರಡಿಸಬಹುದು, ಬಿಸಿ ತಾಗಿಸದಿದ್ದರೆ. ಕಲೆ ಪೂರ್ತಿ ಹೋಗುವವರೆಗೆ ಇಸ್ತ್ರಿ ಹಾಕಬೇಡಿ, ಕುದಿನೀರು ಹಾಕಬೇಡಿ.

ಇಲ್ಲೂ ಮೊದಲು ನಿಂಬೆ ಹನಿಯ ಪರೀಕ್ಷೆ. ಅತ್ತೆಯವರು ತಲೆಗೆ ಹಚ್ಚಿಕೊಂಡು ಆ ಹಾಸಿಗೆಯ ಮೇಲೆ ಒರಗಿದ್ದರೆ ಅಲ್ಲೂ ಕಬ್ಬಿಣ ಇದ್ದೀತು, ನನ್ನ ಟವೆಲ್ ಕಥೆ ನಿಮಗೆ ಬೇಡ. ಕಬ್ಬಿಣ ಕಂಡರೆ ನಿಂಬೆ ಉಪ್ಪಿನ ನೀರಿನಲ್ಲಿ ಕಲೆಯ ಭಾಗವನ್ನಷ್ಟೇ ಅರ್ಧ ಗಂಟೆ ಅದ್ದಿ, ಮೂರು ನೀರಿನಲ್ಲಿ ಜಾಲಿಸಿ. ಕಾಣದಿದ್ದರೆ ನೇರವಾಗಿ ಮುಂದಿನದಕ್ಕೆ ಬನ್ನಿ. ಕಲೆಯನ್ನು ಹಿಂಬದಿಯಿಂದ ನಲ್ಲಿಯ ತಣ್ಣೀರಿಗೆ ಹಿಡಿಯಿರಿ, ಬಂದ ದಾರಿಯಲ್ಲೇ ಹೊರಹೋಗಲಿ. ಮೇಲಿನಿಂದ ಹಿಡಿದರೆ ಇನ್ನಷ್ಟು ಒಳಗೆ ತಳ್ಳಿದಂತೆ. ಆಮೇಲೆ ಆಕ್ಸಿಜನ್ ಬ್ಲೀಚ್ ಪುಡಿ ಬೇಕು. ಕಲೆ ತೆಗೆಯುವ ಪುಡಿ ಎಂದು ಮಾರುವ ಡಬ್ಬಿಗಳ ಹಿಂಬದಿ ಓದಿ, ಸೋಡಿಯಂ ಪರ್‌ಕಾರ್ಬೊನೇಟ್ ಎಂದು ಇದ್ದರೆ ಅದೇ. ಪ್ಲಾಸ್ಟಿಕ್ ಬಕೆಟ್ಟಿಗೆ ನಾಲ್ಕು ಲೀಟರ್ ಬೆಚ್ಚಗಿನ ನೀರು, ಕೂಸಿಗೆ ಎರೆಯುವ ಹದದ್ದು, ಅದಕ್ಕೆ ನಾಲ್ಕು ದೊಡ್ಡ ಚಮಚ ಪುಡಿ ಹಾಕಿ ಕರಗಿಸಿ. ತುಕ್ಕು ಹಿಡಿದ ತಗಡಿನ ಬಕೆಟ್ ಬೇಡ, ಯಾಕೆಂದು ನಿಮಗೀಗ ಗೊತ್ತು.

ಶೀಟ್ ಹೂವಿನ ಚಿತ್ರದ್ದು ಎಂದಿದ್ದೀರಿ. ಇಡೀ ಶೀಟ್ ಮುಳುಗಿಸುವ ಮೊದಲು ಒಂದು ಮೂಲೆಯ ಹೂವನ್ನು ಅರ್ಧ ಗಂಟೆ ಅದ್ದಿ, ಬಿಳಿ ಬಟ್ಟೆಯ ನಡುವೆ ಒತ್ತಿ ನೋಡಿ. ಬಿಳಿ ಬಟ್ಟೆಗೆ ಹೂವಿನ ಬಣ್ಣ ಹತ್ತಿದರೆ ಅಲ್ಲಿಗೇ ನಿಲ್ಲಿಸಿ. ಹತ್ತದಿದ್ದರೆ ಪೂರ್ತಿ ಮುಳುಗಿಸಿ ಆರು ಗಂಟೆ ಬಿಡಿ. ಅದಕ್ಕಿಂತ ಹೆಚ್ಚು ಹೊತ್ತು ಬಿಟ್ಟು ಪ್ರಯೋಜನವಿಲ್ಲ, ಅಷ್ಟರಲ್ಲಿ ಪುಡಿಯ ಶಕ್ತಿ ಇಳಿದಿರುತ್ತದೆ. ಎರಡನೆಯ ಬಾರಿಗೆ ಹೊಸದಾಗಿ ಕಲಸಬೇಕು. ಮಿಕ್ಕ ನೀರನ್ನು ಮುಚ್ಚಳ ಬಿಗಿದು ಬಾಟಲಿಯಲ್ಲಿ ತೆಗೆದಿಡುವ ಉಳಿತಾಯ ಮಾತ್ರ ಬೇಡ, ಗಾಳಿ ತುಂಬಿ ಬಾಟಲಿ ಸಿಡಿಯುತ್ತದೆ. ಒಗೆದು ಒದ್ದೆಯಲ್ಲೇ ಬಿಸಿಲಿಗೆ ಹರಡಿ. ಮಂಡ್ಯದ ಬಿಸಿಲು ಪುಕ್ಕಟೆ ಸಿಗುವ ಬ್ಲೀಚ್, ಉಳಿದ ಹಳದಿಯನ್ನು ಅದು ನಾಲ್ಕೈದು ದಿನದಲ್ಲಿ ಇನ್ನಷ್ಟು ಇಳಿಸುತ್ತದೆ. ಎರಡು ಮೂರು ಬಾರಿ ನೆನೆಸಿದರೆ ಕಲೆ ಹುಡುಕಿದರೆ ಮಾತ್ರ ಕಾಣುವಷ್ಟಾಗುತ್ತದೆ. ಹೂವುಗಳು ಮಂಕಾಗತೊಡಗಿದರೆ ಅದೇ ನಿಲ್ಲಿಸುವ ಗುರುತು.

ಒಂದು ವಿನಾಯಿತಿ ಹೇಳಿಬಿಡುತ್ತೇನೆ. ಮೆಹಂದಿ ಹಾಕಿದವರು ತಂದ ಕೋನ್ ಹತ್ತೇ ನಿಮಿಷದಲ್ಲಿ ಕೈಯನ್ನು ಕಪ್ಪಾಗಿಸುವ ಕಪ್ಪು ಮೆಹಂದಿ ಆಗಿದ್ದರೆ ಮೇಲಿನ ಪೆರಾಕ್ಸೈಡ್ ಲೆಕ್ಕ ತಲೆಕೆಳಗಾಗುತ್ತದೆ. ಅದರಲ್ಲಿ ಕೂದಲ ಡೈಯ ರಾಸಾಯನಿಕ ಇರುತ್ತದೆ, ಆ ಡೈ ಕಪ್ಪಾಗುವುದೇ ಪೆರಾಕ್ಸೈಡ್ ಸೇರಿದಾಗ. ನಿಮ್ಮ ಸಂದಿ ಕಿತ್ತಳೆಯಾಗಿದೆ ಎಂದಿರುವುದರಿಂದ ನಿಮ್ಮದು ಎಲೆಯದೇ.

ಇನ್ನು ಉಳಿದದ್ದು ಸೀರೆ. ಬೊಟ್ಟು ಚಿಕ್ಕದು, ಆದರೆ ನಾಲ್ಕರಲ್ಲಿ ಕಷ್ಟದ್ದು ಇದೇ. ರೇಷ್ಮೆ ಹುಳುವಿನದು, ಅಂಗೈಯ ಚರ್ಮದ ಹಾಗೆಯೇ ಪ್ರೋಟೀನ್. ತಂಗಿಯ ಕೈಯಲ್ಲಿ ಮೆಹಂದಿ ಹೇಗೆ ಹಿಡಿದಿದೆಯೋ ಸೀರೆಯಲ್ಲೂ ಹಾಗೆಯೇ ಹಿಡಿದಿದೆ. ಕೈಯಾದರೆ ಚರ್ಮ ಸವೆದು ಹೊಸ ಚರ್ಮ ಬರುತ್ತದೆ, ಸೀರೆಗೆ ಆ ಭಾಗ್ಯವಿಲ್ಲ. ಬಿಳಿ ಬಟ್ಟೆಯ ಬ್ಲೀಚ್ ರೇಷ್ಮೆಯನ್ನು ಹಳದಿ ಮಾಡಿ ಕರಗಿಸಿಯೇ ಬಿಡುತ್ತದೆ. ಆಕ್ಸಿಜನ್ ಪುಡಿಯ ಸೋಡಾ ಅದರ ಹೊಳಪನ್ನು ತಿನ್ನುತ್ತದೆ. ತಿಳಿ ಮಾಡಿದ ಪೆರಾಕ್ಸೈಡ್ ಬಿಳಿ ರೇಷ್ಮೆಗೆ ನಡೆದೀತು. ಬಣ್ಣದ ಸೀರೆಗೆ ಹಾಕಿದರೆ ಮೆಹಂದಿಯ ಜೊತೆ ಸೀರೆಯ ಬಣ್ಣವೂ ಹೋಗಿ, ಕಂದು ಬೊಟ್ಟಿನ ಜಾಗದಲ್ಲಿ ಬಿಳಿ ಬೊಟ್ಟು ಕೂರುತ್ತದೆ. ಬಿಳಿ ಬೊಟ್ಟು ಇನ್ನೂ ದೂರದಿಂದ ಕಾಣುತ್ತದೆ. ಮೈಸೂರು ಸಿಲ್ಕಿನ ಅಸಲಿ ಜರಿಯಲ್ಲಿ ಬೆಳ್ಳಿ ಇರುತ್ತದೆ, ಈ ನೀರುಗಳು ಅಂಚಿಗೆ ಹರಿದರೆ ಅದೂ ಕಂದುತ್ತದೆ.

ಆದ್ದರಿಂದ ಮನೆಯಲ್ಲಿ ಮಾಡಬೇಕಾದದ್ದು ಒಂದೇ. ಬೊಟ್ಟಿನ ಮೇಲೆ ಒಣಗಿದ ಮೆಹಂದಿಯ ಪೊರೆ ಇನ್ನೂ ಇದ್ದರೆ ಉಗುರಿನಿಂದ ಮೆಲ್ಲಗೆ ಎಬ್ಬಿಸಿ ಉದುರಿಸಿ, ನೀರು ಮುಟ್ಟಿಸಬೇಡಿ. ಒದ್ದೆಯಾದ ಪೊರೆ ಮತ್ತೆ ಬಣ್ಣ ಬಿಡುತ್ತದೆ. ಸೀರೆಯನ್ನು ಇಸ್ತ್ರಿ ಮಾಡಿಸದೆ, ರೇಷ್ಮೆ ಸೀರೆ ನೋಡಿಕೊಳ್ಳುವ ಡ್ರೈಕ್ಲೀನರ್ ಬಳಿಗೆ ಒಯ್ದು, ಇದು ಮೆಹಂದಿಯ ಕಲೆ, ಇಷ್ಟು ದಿನದ್ದು, ಇಂಥದ್ದೇನೂ ಹಚ್ಚಿಲ್ಲ ಎಂದು ಬಾಯಿಬಿಟ್ಟು ಹೇಳಿ. ಕಲೆಯ ಸುತ್ತ ದಾರದಿಂದ ಒಂದು ಸಡಿಲ ಹೊಲಿಗೆಯ ಗುರುತು ಹಾಕಿಸಿ, ಪೆನ್ನಿನಿಂದ ಗುರುತು ಮಾಡಲು ಬಿಡಬೇಡಿ. ಪೂರ್ತಿ ತೆಗೆದುಕೊಡುತ್ತೇನೆ ಎಂದು ಎದೆ ತಟ್ಟಿ ಹೇಳುವವನಿಗಿಂತ ಸ್ವಲ್ಪ ತಿಳಿಯಾಗಬಹುದು, ನೋಡೋಣ ಎನ್ನುವವನ ಕೈಗೆ ಕೊಡಿ. ನಾನಾಗಿದ್ದರೂ ಅಷ್ಟೇ ಹೇಳುತ್ತಿದ್ದೆ. ಬೊಟ್ಟು ನೆರಿಗೆಯ ಕಡೆ ಬಿದ್ದಿದೆ ಎಂದಿದ್ದೀರಿ. ಉಡುವಾಗ ಮೊದಲ ನೆರಿಗೆಯನ್ನು ಅರ್ಧ ಗೇಣು ಹಿಂದಕ್ಕೆ ಹಿಡಿದು ನೋಡಿ, ಅದು ಒಳಮಡಿಕೆಗೆ ಹೋಗುತ್ತದೆಯೇ ಎಂದು. ಹೋಗುವುದಾದರೆ ಡ್ರೈಕ್ಲೀನರ್ ಬಳಿ ಹೆಚ್ಚು ಒತ್ತಾಯ ಮಾಡಬೇಡಿ.